ತಾಮ್ರದ ತಂಬಿಗೆ: ಆರೋಗ್ಯದ ಸಾಲುಗಳನ್ನು ತೆಗೆದ ಮೇಲೆ ಬರೆಯುವುದೇನು?

ಪ್ರಶ್ನೆ: “ಮೇಡಂ, ನಾವು ತಾಮ್ರದ ಪಾತ್ರೆಗಳನ್ನು ಆನ್‌ಲೈನ್‌ನಲ್ಲಿ ಮಾರುತ್ತೇವೆ. ಜಾಸ್ತಿ ಹೋಗುವುದು ಒಂದೂವರೆ ಲೀಟರಿನ ಮುಚ್ಚಳದ ತಂಬಿಗೆ. ‘ರಾತ್ರಿ ನೀರು ತುಂಬಿಟ್ಟು ಬೆಳಗ್ಗೆ ಕುಡಿದರೆ ತೂಕ ಇಳಿಯುತ್ತೆ, ಥೈರಾಯ್ಡ್ ಹತೋಟಿಗೆ ಬರುತ್ತೆ, ಕೀಲುನೋವು ಹೋಗುತ್ತೆ’ ಅಂತ ವಿವರಣೆಯಲ್ಲಿ ಹಾಕಿದ್ದೆವು. ಎಲ್ಲರೂ ಹಾಗೇ ಹಾಕುತ್ತಾರೆ. ಮೊನ್ನೆ ಒಬ್ಬ ಗ್ರಾಹಕರು ಇದಕ್ಕೆ ಆಧಾರ ಏನು ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಕಡೆ ‘ವಾರದಲ್ಲೇ ಕಪ್ಪಾಯಿತು, ನಕಲಿ ಮಾಲು’ ಅಂತ ವಾಪಸ್ ಕಳಿಸುವವರು ಹೆಚ್ಚುತ್ತಿದ್ದಾರೆ. ಆರೋಗ್ಯದ ಸಾಲುಗಳನ್ನು ತೆಗೆದುಬಿಟ್ಟರೆ ಬರೆಯೋಕೆ ಏನು ಉಳಿಯುತ್ತೆ? ಮಾರಾಟ ಬೀಳಲ್ವಾ?”

ಉತ್ತರ: ನಿಮ್ಮ ಎರಡೂ ತೊಂದರೆಗಳ ಬೇರು ಒಂದೇ. ವಿವರಣೆ ಪೂರ್ತಿ ಔಷಧದ ಮಾತೇ ತುಂಬಿದೆ, ಲೋಹದ ಮಾತು ಇಲ್ಲ. ಹಾಗಾಗಿ ತಾಮ್ರ ಕಪ್ಪಾಗುವುದು ಸಹಜ ಅನ್ನೋದು ಕೊಳ್ಳುವವರಿಗೆ ಗೊತ್ತೇ ಆಗುವುದಿಲ್ಲ. ಪೆಟ್ಟಿಗೆ ತೆರೆದಾಗ ಫಳಫಳ ಹೊಳೆಯುತ್ತಿದ್ದ ತಂಬಿಗೆ ಐದಾರು ದಿನದಲ್ಲಿ ಕಂದು ತಿರುಗಿದರೆ ಮೋಸ ಹೋದೆವು ಅಂದುಕೊಳ್ಳುತ್ತಾರೆ. ಲೋಹ ಪರೀಕ್ಷೆಯ ಕೆಲಸದಲ್ಲಿ ನನ್ನ ಬಳಿ ‘ನಕಲಿ’ ಅಂತ ಬರುವ ತಾಮ್ರದ ಪಾತ್ರೆಗಳಲ್ಲಿ ಬಹುಪಾಲು ಅಸಲಿಯೇ ಇರುತ್ತವೆ. ಕಪ್ಪಾಗಿರುವುದೇ ಅವುಗಳ ಮೇಲಿನ ದೂರು.

ಮೊದಲು ಆರೋಗ್ಯದ ಸಾಲುಗಳನ್ನು ನೋಡೋಣ. ತಾಮ್ರದಲ್ಲಿಟ್ಟ ನೀರಿನ ಬಗ್ಗೆ ಗೊತ್ತಿರುವುದು ಏನೂ ಇಲ್ಲ ಅಂತಲ್ಲ. 2012ರಲ್ಲಿ ಬೆಂಗಳೂರಿನ ಸಂಶೋಧಕರ ಒಂದು ಅಧ್ಯಯನ ಪ್ರಕಟವಾಯಿತು. ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೇಕೆಂದೇ ನೀರಿಗೆ ಸೇರಿಸಿ, ಆ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟು ನೋಡಿದರು. ಆಮೇಲೆ ಪರೀಕ್ಷಿಸಿದಾಗ ಆ ಬ್ಯಾಕ್ಟೀರಿಯಾಗಳು ಸಿಗಲಿಲ್ಲ. ನೀರಿಗೆ ಇಳಿದಿದ್ದ ತಾಮ್ರ ಲೀಟರಿಗೆ ಸುಮಾರು 0.18 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ತಾಮ್ರಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 2 ಮಿಲಿಗ್ರಾಂ. ಅಂದರೆ ಅದು ಮಿತಿಗಿಂತ ತುಂಬಾ ಕೆಳಗೇ ಇತ್ತು.

ಇದು ಒಳ್ಳೆಯ ಕೆಲಸ. ಆದರೆ ನಿಮ್ಮ ಸಾಲುಗಳಿಗೆ ಇದು ಆಧಾರವಾಗುವುದಿಲ್ಲ. ಪ್ರಯೋಗ ನಡೆದದ್ದು ನೀರಿನ ಮೇಲೆ, ಅದನ್ನು ಕುಡಿದ ಜನರ ಮೇಲಲ್ಲ. ತೂಕ, ಥೈರಾಯ್ಡ್, ಕೀಲುನೋವು ಯಾವುದೂ ಅದರಲ್ಲಿ ಬರುವುದಿಲ್ಲ. ತಾಮ್ರದ ನೀರಿನಿಂದ ಇವು ವಾಸಿಯಾಗುತ್ತವೆ ಅಂತ ಸಾಬೀತಾಗಿಲ್ಲ. ‘ದೇಹಕ್ಕೆ ತಾಮ್ರ ಬೇಕು, ಆದ್ದರಿಂದ ಈ ನೀರು ಒಳ್ಳೆಯದು’ ಅನ್ನುವ ವಾದವೂ ನಿಲ್ಲುವುದಿಲ್ಲ. ದೇಹಕ್ಕೆ ತಾಮ್ರ ಬೇಕು ನಿಜ, ದಿನಕ್ಕೆ ಒಂದು ಮಿಲಿಗ್ರಾಂ ಆಸುಪಾಸು. ಕಾಳು, ಬೀಜ, ಧಾನ್ಯ ತಿನ್ನುವ ಹೆಚ್ಚಿನವರಿಗೆ ಅಷ್ಟು ಊಟದಲ್ಲೇ ಸಿಗುತ್ತದೆ.

‘ಹಾಗಾದರೆ ಬ್ಯಾಕ್ಟೀರಿಯಾ ಸಾಯುತ್ತೆ ಅಂತಾದರೂ ಬರೆಯಬಹುದಲ್ವಾ?’ ಅಂತ ಕೇಳುವವರಿದ್ದಾರೆ. ಅದೂ ಬೇಡ ಅನ್ನೋದು ನನ್ನ ಸಲಹೆ. ಆ ಪ್ರಯೋಗದಲ್ಲಿದ್ದ ನೀರು ಸ್ವಲ್ಪ ಕ್ಷಾರದ ಕಡೆಗಿತ್ತು, ಪಿಎಚ್ 7.8ರ ಸುಮಾರು. ನಿಮ್ಮ ಗ್ರಾಹಕರು ತುಂಬುವುದು ಬೋರ್‌ವೆಲ್ ನೀರಿರಬಹುದು, ಆರ್‌ಒ ನೀರಿರಬಹುದು. ಆರ್‌ಒ ನೀರಿನಲ್ಲಿ ಲವಣ ಕಡಿಮೆ, ಸಾಮಾನ್ಯವಾಗಿ ಪಿಎಚ್ ಕೂಡ ಕಡಿಮೆ. ಅಂಥ ನೀರು ತಾಮ್ರವನ್ನು ಬೇಗ ಕರಗಿಸಿಕೊಳ್ಳುತ್ತದೆ. ಪ್ರಯೋಗದ 0.18 ಆ ನೀರಿಗೆ, ಆ ಪಾತ್ರೆಗೆ ಸಿಕ್ಕ ಅಂಕಿ. ಅದನ್ನು ಎತ್ತಿ ನಿಮ್ಮ ತಂಬಿಗೆಯ ಪಕ್ಕದಲ್ಲಿ ಇಡುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ‘ನೀರು ಶುದ್ಧವಾಗುತ್ತೆ’ ಅಂತ ಓದಿದವರು ಕುದಿಸುವುದನ್ನೋ ಫಿಲ್ಟರ್ ಮಾಡುವುದನ್ನೋ ನಿಲ್ಲಿಸಬಹುದು. ತಾಮ್ರದ ಪಾತ್ರೆ ಫ್ಲೋರೈಡ್ ತೆಗೆಯುವುದಿಲ್ಲ, ನೈಟ್ರೇಟ್ ತೆಗೆಯುವುದಿಲ್ಲ, ಮಣ್ಣು ನೀರನ್ನು ತಿಳಿ ಮಾಡುವುದಿಲ್ಲ. ಹಾಗಾಗಿ ಈ ವಿಷಯದಲ್ಲಿ ಒಂದೇ ಸಾಲು ಸಾಕು: “ಇದು ನೀರು ಶುದ್ಧೀಕರಿಸುವ ಸಾಧನವಲ್ಲ, ಕುಡಿಯಲು ಯೋಗ್ಯವಾದ ನೀರನ್ನೇ ತುಂಬಿ.”

ಕೆಲವರು ಮಧ್ಯದ ದಾರಿ ಹಿಡಿಯುತ್ತಾರೆ. ‘ಹಿಂದಿನಿಂದಲೂ ಆರೋಗ್ಯಕ್ಕಾಗಿ ಬಳಸುತ್ತಾರೆ’, ‘ಆಯುರ್ವೇದದಲ್ಲಿ ಹೇಳಿದೆ’ ಅಂತ ಬರೆಯುತ್ತಾರೆ. ‘ನಮ್ಮ ಮನೆಗಳಲ್ಲಿ ತಲೆಮಾರುಗಳಿಂದ ನೀರಿಡಲು ತಾಮ್ರ ಬಳಸುತ್ತಾ ಬಂದಿದ್ದಾರೆ’ ಅನ್ನುವವರೆಗೆ ತೊಂದರೆ ಇಲ್ಲ, ಅದು ನಿಜ. ಅದಕ್ಕೆ ‘ಆರೋಗ್ಯಕ್ಕಾಗಿ’ ಅಂತ ಸೇರಿಸಿದ ಕೂಡಲೇ ಓದುವವರು ಅದನ್ನು ಭರವಸೆ ಅಂತಲೇ ತೆಗೆದುಕೊಳ್ಳುತ್ತಾರೆ. ಚಿತ್ರಗಳಿಗೂ ಇದೇ ಮಾತು. ಬರಹದಲ್ಲಿ ಎಲ್ಲ ತೆಗೆದು, ಫೋಟೋದ ಮೇಲೆ ಹೃದಯ, ಹೊಟ್ಟೆ, ಮಂಡಿಯ ಪುಟ್ಟ ಚಿತ್ರಗಳನ್ನು ಹಾಗೇ ಬಿಟ್ಟರೆ ತೆಗೆದ ಹಾಗೆ ಆಗುವುದಿಲ್ಲ. ಗ್ರಾಹಕರು ತಾವಾಗಿ ‘ನನ್ನ ಗ್ಯಾಸ್ ಹೋಯ್ತು’ ಅಂತ ಬರೆದರೆ ಅದು ಅವರ ಅನುಭವ. ಅದನ್ನು ಎತ್ತಿ ನಿಮ್ಮ ಜಾಹೀರಾತಿನಲ್ಲಿ ಹಾಕಿಕೊಂಡರೆ ಅದು ನಿಮ್ಮ ಹೇಳಿಕೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳಿಬಿಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಮತ್ತೆ ಅದೇ ತಪ್ಪಾದರೆ 50 ಲಕ್ಷದವರೆಗೆ. ‘ಎಲ್ಲರೂ ಹಾಗೇ ಹಾಕುತ್ತಾರೆ’ ಅನ್ನೋದು ಅಲ್ಲಿ ಉತ್ತರವಾಗುವುದಿಲ್ಲ. ಹೇಳಿದ್ದಕ್ಕೆ ಆಧಾರ ಕೊಡಬೇಕಾದವರು ಹೇಳಿದವರೇ.

ಈಗ ಬರೆಯೋಕೆ ಏನಿದೆ ಅನ್ನುವ ಪ್ರಶ್ನೆಗೆ ಬರೋಣ. ತುಂಬಾ ಇದೆ. ಮೊದಲನೆಯದು ಪಾತ್ರೆ ನಿಜವಾಗಿ ಯಾವುದರದ್ದು ಅನ್ನೋದು. ‘100% ಶುದ್ಧ ತಾಮ್ರ’ ಅಂತ ಬರೆಯಬೇಡಿ. ಮಾರುಕಟ್ಟೆಯಲ್ಲಿ ಒಳ್ಳೆಯ ತಾಮ್ರದ ತಗಡು ಅಂದರೆ ಸಾಮಾನ್ಯವಾಗಿ 99.9 ಶೇಕಡಾ. ಆ ಅಂಕಿಯನ್ನೂ ಸುಮ್ನೆ ಬರೆಯಬಾರದು. ತಗಡು ಕೊಟ್ಟವರ ಹತ್ತಿರ ಅದನ್ನು ತಯಾರಿಸಿದ ಕಾರ್ಖಾನೆಯ ಪರೀಕ್ಷಾ ಪತ್ರ ಇರುತ್ತದೆ, ಪ್ರತಿ ಲಾಟ್‌ಗೂ ಅದರ ಪ್ರತಿ ಕೇಳಿ ಪಡೆಯಿರಿ. ಇಲ್ಲದಿದ್ದರೆ ಒಂದು ತಂಬಿಗೆಯನ್ನು ಲ್ಯಾಬ್‌ಗೆ ಕೊಟ್ಟು ಎಕ್ಸ್‌ಆರ್‌ಎಫ್ ಪರೀಕ್ಷೆ ಮಾಡಿಸಿ. ಅದರಲ್ಲಿ ಪಾತ್ರೆಯನ್ನು ಕತ್ತರಿಸುವುದಿಲ್ಲ, ಎಕ್ಸ್‌ರೇ ಬಿಟ್ಟು ಲೋಹದಲ್ಲಿ ಏನೇನಿದೆ ಅಂತ ಓದುತ್ತಾರೆ. ಮೇಲ್ಮೈಯನ್ನಷ್ಟೇ ಓದುವ ಪರೀಕ್ಷೆ ಅದು. ಹಾಗಾಗಿ ಲೇಪನದ ಅನುಮಾನ ಇದ್ದರೆ ಒಂದು ಕಡೆ ಚೆನ್ನಾಗಿ ಉಜ್ಜಿ ಒಳಗಿನ ಲೋಹ ಕಾಣುವಂತೆ ಮಾಡಿ ತೋರಿಸಬೇಕು.

ಲ್ಯಾಬ್‌ಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಸ್ಟೀಲಿನ ಮೇಲೆ ತಾಮ್ರದ ಲೇಪನ ಕೊಟ್ಟು ತಾಮ್ರ ಅಂತ ಮಾರುವುದುಂಟು. ಅಯಸ್ಕಾಂತ ಅಂಟಿದರೆ ಅನುಮಾನವೇ ಬೇಡ, ಒಳಗೆ ಕಬ್ಬಿಣವಿದೆ. ಆದರೆ ಅಂಟದಿದ್ದರೆ ತಾಮ್ರ ಅಂತಲೂ ಹೇಳಲಾಗದು, ಯಾಕಂದರೆ ಕೆಲವು ಸ್ಟೇನ್‌ಲೆಸ್ ಸ್ಟೀಲ್‌ಗೂ ಅಯಸ್ಕಾಂತ ಅಂಟುವುದಿಲ್ಲ. ಇಲ್ಲಿ ತೂಕ ಸಹಾಯಕ್ಕೆ ಬರುತ್ತದೆ. ಮುಚ್ಚಳ ತೆಗೆದ ತಂಬಿಗೆ 450 ಗ್ರಾಂ ಇದೆ ಅಂದುಕೊಳ್ಳಿ. 10 ಕೆ.ಜಿ.ವರೆಗೆ ತೂಗುವ ಡಿಜಿಟಲ್ ತಕ್ಕಡಿಯ ಮೇಲೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರಿರುವ ಸಣ್ಣ ಬಕೆಟ್ ಇಟ್ಟು ಸೊನ್ನೆ ಮಾಡಿ. ತಂಬಿಗೆಗೆ ದಾರ ಕಟ್ಟಿ ನಿಧಾನವಾಗಿ ಪೂರ್ತಿ ಮುಳುಗಿಸಿ. ಒಳಗೆ ಗಾಳಿಗುಳ್ಳೆ ಉಳಿಯಬಾರದು. ತಂಬಿಗೆ ತಳಕ್ಕಾಗಲಿ ಬದಿಗಾಗಲಿ ತಾಗದಂತೆ, ಅಲುಗಾಡದಂತೆ ದಾರ ಹಿಡಿದು ನೀರಿನಲ್ಲೇ ನೇತುಬಿಡಿ. ಆಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ, ಲೋಹದ ಗಾತ್ರ ಅಷ್ಟೇ ಮಿಲಿಲೀಟರ್. 450 ಗ್ರಾಂ ತಾಮ್ರವಾದರೆ 50ರ ಹತ್ತಿರ ಬರಬೇಕು. ಒಳಗೆ ಸ್ಟೀಲ್ ಇದ್ದರೆ 56–57 ಬರುತ್ತದೆ. ಹಿತ್ತಾಳೆಯಾದರೆ ಸುಮಾರು 53. ಆದರೆ ಹಿತ್ತಾಳೆಯನ್ನು ಅದರ ಹಳದಿ ಬಣ್ಣವೇ ಹೇಳುತ್ತದೆ. ಈ ಪರೀಕ್ಷೆಗೆ ಮಿತಿ ಇದೆ: 99.9ಕ್ಕೂ 98ಕ್ಕೂ ಇರುವ ವ್ಯತ್ಯಾಸ ಇದರಲ್ಲಿ ಗೊತ್ತಾಗುವುದಿಲ್ಲ. ದೊಡ್ಡ ಮೋಸ ಹಿಡಿಯಲು ಮಾತ್ರ ಸಾಕು.

ತಯಾರಿಯ ವಿವರಗಳೂ ಬೇಕು. ತಗಡಿನ ದಪ್ಪವನ್ನು ‘ಹೆವಿ ಗೇಜ್’ ಅನ್ನುವ ಬದಲು ಮಿಲಿಮೀಟರಿನಲ್ಲಿ ಬರೆಯಿರಿ. ಗೇಜ್ ಅಳತೆಯಲ್ಲಿ ಅಂಕಿ ದೊಡ್ಡದಾದಷ್ಟೂ ತಗಡು ತೆಳುವಾಗುತ್ತದೆ, ಅದು ಎಷ್ಟೋ ಜನಕ್ಕೆ ಗೊತ್ತಿಲ್ಲ. 22 ಗೇಜ್ ಅಂದರೆ ಸುಮಾರು 0.7 ಮಿ.ಮೀ. ಮುಚ್ಚಳದ ಗುಬುಟು ಹಿತ್ತಾಳೆಯದಾದರೆ ಹಾಗೇ ಹೇಳಿ. ಮೈಮೇಲಿನ ಸುತ್ತಿಗೆ ಗುರುತು ಯಂತ್ರದ ಅಚ್ಚಿನದಾದರೆ ‘ಕೈಯಿಂದ ಬಡಿದದ್ದು’ ಅಂತ ಬರೆಯಬೇಡಿ. ಕೈಯಲ್ಲಿ ಬಡಿದ ಗುರುತುಗಳು ಒಂದರ ಹಾಗೆ ಇನ್ನೊಂದಿರುವುದಿಲ್ಲ, ಅಚ್ಚಿನವು ಸಾಲಾಗಿ ಒಂದೇ ಥರ ಇರುತ್ತವೆ. ನೋಡಿದವರಿಗೆ ತಕ್ಷಣ ತಿಳಿಯುತ್ತದೆ. ಬೆಸುಗೆ ಇದ್ದರೆ ಅದರಲ್ಲಿ ಯಾವ ಲೋಹ ಬಳಸಿದ್ದಾರೆ ಅಂತ ತಯಾರಕರನ್ನು ಕೇಳಲೇಬೇಕು. ಕುಡಿಯುವ ನೀರಿಡುವ ಪಾತ್ರೆಯಲ್ಲಿ ಸೀಸ ಇರುವ ಬೆಸುಗೆ ಇರಬಾರದು. ಸ್ಪಷ್ಟ ಉತ್ತರ ಸಿಗದಿದ್ದರೆ ಆ ಮಾಲು ಮಾರಬೇಡಿ.

ಇನ್ನು ಲ್ಯಾಕರ್. ಅಂಗಡಿಯಲ್ಲಿ ಹೊಳಪು ಹೋಗದಿರಲಿ ಅಂತ ಹೊರಮೈಗೆ ಪಾರದರ್ಶಕ ಲ್ಯಾಕರ್ ಹೊಡೆಯುತ್ತಾರೆ. ಇದೆಯೋ ಇಲ್ಲವೋ ನೋಡಲು ಒಂದು ಹನಿ ನಿಂಬೆರಸ ಸಾಕು. ಸ್ವಲ್ಪ ಕಂದಾದ ಜಾಗದ ಮೇಲೆ ಹಾಕಿ ಒಂದು ನಿಮಿಷ ಬಿಟ್ಟು ಒರೆಸಿ. ಬರಿ ತಾಮ್ರವಾದರೆ ಅಲ್ಲಿ ನಸುಗುಲಾಬಿ ಮಚ್ಚೆ ಮೂಡುತ್ತದೆ. ಲ್ಯಾಕರ್ ಇದ್ದರೆ ಏನೂ ಆಗುವುದಿಲ್ಲ. ಹೊರಗೆ ಇದ್ದರೆ ವಿವರಣೆಯಲ್ಲಿ ಹೇಳಲೇಬೇಕು, ಯಾಕಂದರೆ ಅಂಥ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿದರೆ ಲ್ಯಾಕರ್ ಅಲ್ಲಲ್ಲಿ ಕಿತ್ತು, ಕಿತ್ತ ಕಡೆ ಮಾತ್ರ ಕಪ್ಪಾಗುತ್ತದೆ. ಗ್ರಾಹಕರು ಫೋಟೋ ಕಳಿಸುವ ಚಿರತೆಯ ಮೈಯಂಥ ಮಚ್ಚೆಗಳಿಗೆ ಎಷ್ಟೋ ಸಲ ಇದೇ ಕಾರಣ. ನೀರು ತಾಗುವ ಒಳಮೈಗೆ ಲ್ಯಾಕರ್ ಹೊಡೆದಿದ್ದರೆ ಆ ಲಾಟ್ ತೆಗೆದುಕೊಳ್ಳಲೇಬೇಡಿ.

ಈಗ ನಿಮ್ಮ ವಾಪಸಾತಿಯ ಮೂಲಕ್ಕೆ ಬರುತ್ತೇನೆ. ತಾಮ್ರ ಗಾಳಿಯ ಆಮ್ಲಜನಕದ ಜೊತೆ ಸೇರಿ ಮೊದಲು ಕೆಂಗಂದು, ಆಮೇಲೆ ಗಾಢ ಕಂದು, ಕೊನೆಗೆ ಕಪ್ಪಾಗುತ್ತದೆ. ಬೆರಳಿನ ಬೆವರು ತಾಗಿದ ಕಡೆ, ನೀರಿನ ಹನಿ ನಿಂತ ಕಡೆ ಇದು ಬೇಗ ಆಗುತ್ತದೆ. ಒಳಗೆ ನೀರಿನ ಮಟ್ಟ ನಿಂತ ಜಾಗದಲ್ಲಿ ಉಂಗುರದ ಹಾಗೆ ಗೆರೆ ಬೀಳುವುದೂ ಇದೇ ಕಾರಣಕ್ಕೆ. ಇದು ಅಸಲಿ ತಾಮ್ರದ ಗುಣ. ಬಿಳಿ ಪದರ ಕಟ್ಟಿದರೆ ಅದು ಗಡಸು ನೀರಿನ ಸುಣ್ಣ, ತಾಮ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಹಸಿರು ಕಿಲುಬು ಮಾತ್ರ ಬೇರೆ ವಿಷಯ. ಒದ್ದೆ ತುಂಬಾ ಹೊತ್ತು ನಿಂತಾಗ, ಹುಳಿ ತಾಗಿದಾಗ ಅದು ಬರುತ್ತದೆ. ಕಿಲುಬು ಅಂದರೆ ತಾಮ್ರದ ಲವಣ, ಅದು ಹೊಟ್ಟೆಗೆ ಹೋಗಬಾರದು. ಒಳಗೆ ಹಸಿರು ಕಂಡರೆ ಪೂರ್ತಿ ಉಜ್ಜಿ ತೆಗೆಯುವವರೆಗೆ ಆ ತಂಬಿಗೆಯ ನೀರು ಕುಡಿಯಬಾರದು. ಕಂದು, ಕಪ್ಪು, ಹಸಿರು ಈ ಮೂರನ್ನೂ ಫೋಟೋ ಸಮೇತ ತೋರಿಸಿ. ಒಂದು ತಂಬಿಗೆಯನ್ನು ನೀವೇ ಬಳಸಿ, ಹೊಸತರಲ್ಲಿ ಹೇಗಿತ್ತು, ಒಂದು ತಿಂಗಳಾದ ಮೇಲೆ ಹೇಗಾಯಿತು, ಉಜ್ಜಿದ ಮೇಲೆ ಹೇಗೆ ಕಾಣುತ್ತದೆ ಅಂತ ಮೂರು ಫೋಟೋ ಹಾಕಿ. ವಾಪಸಾತಿ ಇಳಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ.

ಉಜ್ಜುವ ವಿಧಾನವನ್ನು ಬಿಡಿಸಿ ಹೇಳಿ. ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ, ಒಂದು ಚಮಚ ಉಪ್ಪು ಸೇರಿಸಿ, ಒಳಗೂ ಹೊರಗೂ ಮೆತ್ತಗೆ ಎರಡು ನಿಮಿಷ ಉಜ್ಜಿದರೆ ಸಾಕು. ಹುಳಿ ಕಪ್ಪನ್ನು ಕರಗಿಸುತ್ತದೆ, ಉಪ್ಪು ಆ ಕೆಲಸವನ್ನು ಚುರುಕು ಮಾಡುತ್ತದೆ. ಇಲ್ಲಿ ಜನ ಎಡವುವುದು ಕೊನೆಯ ಹಂತದಲ್ಲಿ. ಹುಳಿ ಉಪ್ಪು ಸ್ವಲ್ಪ ಉಳಿದರೂ ಸಂಜೆಯೊಳಗೆ ಮತ್ತೆ ಮಚ್ಚೆ ಬೀಳುತ್ತದೆ. ಆಮೇಲೆ ‘ಉಜ್ಜಿದರೂ ಕಪ್ಪಾಗುತ್ತೆ’ ಅಂತ ದೂರು ಬರುತ್ತದೆ. ಹಾಗಾಗಿ ಪಾತ್ರೆ ತೊಳೆಯುವ ಸೋಪಿನಿಂದ ಒಮ್ಮೆ ತೊಳೆದು, ಧಾರಾಳವಾಗಿ ನೀರು ಹಾಕಿ ಜಾಲಿಸಿ, ಒಣಬಟ್ಟೆಯಿಂದ ಒಳಗೆ ಕೈ ಹಾಕಿ ಒರೆಸಬೇಕು. ನಿಮ್ಮ ತಂಬಿಗೆಯ ಕತ್ತಿನೊಳಗೆ ಕೈ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಬಾಯಿಯ ಅಗಲ ಇಷ್ಟು ಸೆಂಟಿಮೀಟರ್, ಬ್ರಷ್ ಬೇಕು ಅಂತ ಬರೆಯಿರಿ. ಕೊಳ್ಳುವ ಮುಂಚೆ ಗೊತ್ತಿರಬೇಕಾದ ಮಾತು ಅದು. ಸ್ಟೀಲ್ ಸ್ಕ್ರಬ್ಬರ್ ಬೇಡ, ಗೀರು ಬೀಳುತ್ತದೆ. ಬ್ಲೀಚ್ ಬೇಡವೇ ಬೇಡ. ಹುಳಿ ಹಾಕಿ ಉಜ್ಜಿದ ಮೇಲೆ ಮೊದಲು ತುಂಬಿದ ನೀರನ್ನು ಚೆಲ್ಲಲು ಹೇಳಿ.

ಏನು ಇಡಬಾರದು ಅನ್ನುವ ಸಾಲನ್ನು ಮುಲಾಜಿಲ್ಲದೆ ಬರೆಯಿರಿ. ಮಜ್ಜಿಗೆ, ಮೊಸರು, ಹಣ್ಣಿನ ರಸ, ಸಾರು, ಉಪ್ಪಿನಕಾಯಿ ಯಾವುದೂ ಬೇಡ. ಹುಳಿ ತಾಮ್ರವನ್ನು ನೇರವಾಗಿ ಕರಗಿಸಿಕೊಳ್ಳುತ್ತದೆ, ವಾಕರಿಕೆ, ವಾಂತಿ, ಹೊಟ್ಟೆನೋವು ಬರುವಷ್ಟು ಕರಗಬಹುದು. ‘ತಾಮ್ರದ ತಂಬಿಗೆಯ ನೀರಿಗೆ ನಿಂಬೆ ಹಿಂಡಿ’ ಅಂತ ಸಲಹೆ ಕೊಡುವ ವಿವರಣೆಗಳನ್ನೂ ನೋಡಿದ್ದೇನೆ. ಅದು ತಪ್ಪು ಸಲಹೆ. ನಿಂಬೆ ಬೇಕಾದವರು ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿಕೊಂಡು ಅದರಲ್ಲಿ ಹಿಂಡಿಕೊಳ್ಳಲಿ. ಬಿಸಿ ನೀರೂ ಬೇಡ. ಕಲಾಯಿ ಇಲ್ಲದ ಈ ತಂಬಿಗೆ ಒಲೆಯ ಮೇಲೆ ಅಡುಗೆಗೆ ಅಲ್ಲ ಅಂತಲೂ ಹೇಳಿ. ಹಾಲಿನ ಬಗ್ಗೆ ನಾನು ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ನಮ್ಮ ದೇಶದಲ್ಲಿ ಎಳೆಮಕ್ಕಳ ಯಕೃತ್ತನ್ನು ಹಾಳುಮಾಡುತ್ತಿದ್ದ ಒಂದು ಕಾಯಿಲೆ ಇತ್ತು. 1980ರ ದಶಕದಲ್ಲಿ ಪುಣೆಯಲ್ಲಿ ಅದನ್ನು ಅಧ್ಯಯನ ಮಾಡಿದ ವೈದ್ಯರು, ಹಿತ್ತಾಳೆ ತಾಮ್ರದ ಪಾತ್ರೆಗಳಲ್ಲಿ ಕಾಯಿಸಿ ಇಟ್ಟ ಹಾಲಿನ ಜೊತೆ ಅದಕ್ಕೆ ನಂಟಿದೆ ಅಂತ ತೋರಿಸಿದರು. ಆ ಪಾತ್ರೆಗಳ ಬಳಕೆ ಬಿಟ್ಟ ಮೇಲೆ ಕಾಯಿಲೆಯೂ ಅಪರೂಪವಾಯಿತು. ಆದ್ದರಿಂದ ಕೂಸುಗಳ ಹಾಲಿಗೆ, ಹಾಲುಪುಡಿ ಕಲಸುವ ನೀರಿಗೆ ಇದನ್ನು ಬಳಸಬೇಡಿ ಅನ್ನುವ ಸಾಲು ಇರಲೇಬೇಕು. ವಿಲ್ಸನ್ ಕಾಯಿಲೆ ಇರುವವರ ದೇಹ ತಾಮ್ರವನ್ನು ಹೊರಹಾಕಲಾರದು. ಅವರಿಗೂ ಇದು ಬೇಡ.

ಇಷ್ಟನ್ನೂ ಸೇರಿಸಿದರೆ ವಿವರಣೆ ಹೀಗಿರಬಹುದು. ಅಳತೆಗಳು ಉದಾಹರಣೆಗೆ, ನಿಮ್ಮ ಮಾಲನ್ನು ಅಳೆದು ನಿಮ್ಮವನ್ನು ಹಾಕಿ.

“ಮುಚ್ಚಳವಿರುವ ತಾಮ್ರದ ತಂಬಿಗೆ. ಕತ್ತಿನವರೆಗೆ ತುಂಬಿದರೆ 1.5 ಲೀಟರ್. ಮುಚ್ಚಳ ಬಿಟ್ಟು ತೂಕ 450 ಗ್ರಾಂ, ತಗಡಿನ ದಪ್ಪ 0.7 ಮಿ.ಮೀ. ಒಂದೇ ತಗಡಿನಿಂದ ಮಾಡಿದ್ದು, ಬೆಸುಗೆ ಇಲ್ಲ. ತಾಮ್ರ 99.9%, ಪರೀಕ್ಷಾ ಪತ್ರ ಕೇಳಿದರೆ ಕಳಿಸುತ್ತೇವೆ. ಮುಚ್ಚಳದ ಗುಬುಟು ಹಿತ್ತಾಳೆಯದು. ಮೈಮೇಲಿನ ಗುರುತು ಯಂತ್ರದಿಂದ ಒತ್ತಿದ್ದು. ಒಳಗೂ ಹೊರಗೂ ಲ್ಯಾಕರ್ ಇಲ್ಲ, ಕಲಾಯಿ ಇಲ್ಲ.

ಬಳಸುತ್ತಾ ಹೋದಂತೆ ತಾಮ್ರ ಕಂದು, ಕಪ್ಪು ಬಣ್ಣಕ್ಕೆ ತಿರುಗುತ್ತದೆ. ಅದು ಈ ಲೋಹದ ಸಹಜ ಗುಣ. ಹುಣಸೆಹಣ್ಣು, ಉಪ್ಪು ಹಾಕಿ ಎರಡು ನಿಮಿಷ ಉಜ್ಜಿ, ಸೋಪಿನಿಂದ ತೊಳೆದು, ಚೆನ್ನಾಗಿ ಜಾಲಿಸಿ, ಒರೆಸಿದರೆ ಹೊಳಪು ಬರುತ್ತದೆ. ದಿನವೂ ಖಾಲಿ ಮಾಡಿ ತೊಳೆದು ಹೊಸ ನೀರು ತುಂಬಿ. ಬಳಸದಿದ್ದಾಗ ಒಣಗಿಸಿ, ಮುಚ್ಚಳ ತೆಗೆದಿಡಿ. ಒಳಗೆ ಹಸಿರು ಕಿಲುಬು ಕಂಡರೆ ಪೂರ್ತಿ ಉಜ್ಜಿ ತೆಗೆಯುವವರೆಗೆ ಬಳಸಬೇಡಿ.

ಕುಡಿಯಲು ಯೋಗ್ಯವಾದ, ಬಿಸಿಯಿಲ್ಲದ ನೀರಿಗೆ ಮಾತ್ರ. ಹಾಲು, ಮಜ್ಜಿಗೆ, ನಿಂಬೆ ನೀರು, ಹುಳಿ ಪದಾರ್ಥ ಇಡಬೇಡಿ. ಕೂಸುಗಳ ಆಹಾರಕ್ಕೆ, ವಿಲ್ಸನ್ ಕಾಯಿಲೆ ಇರುವವರಿಗೆ ಬೇಡ. ಇದು ನೀರು ಶುದ್ಧೀಕರಿಸುವ ಸಾಧನವಲ್ಲ.”

ಇದರಲ್ಲಿ ಒಂದೊಂದು ಸಾಲನ್ನೂ ತಕ್ಕಡಿ, ಅಳತೆಪಟ್ಟಿ ಅಥವಾ ಒಂದು ಕಾಗದ ಹಿಡಿದು ತೋರಿಸಬಹುದು. ಆಧಾರ ಕೇಳಿದ ಆ ಗ್ರಾಹಕರಿಗೂ ಇದೇ ಉತ್ತರ ಕಳಿಸಿ, ಹಳೆಯ ಸಾಲುಗಳನ್ನು ತೆಗೆದಿದ್ದೇವೆ ಅಂತ ತಿಳಿಸಿ.

ಮಾರಾಟದ ಬಗ್ಗೆ: ಔಷಧ ಅಂತಲೇ ಕೊಳ್ಳುತ್ತಿದ್ದ ಕೆಲವರು ಬರದೇ ಇರಬಹುದು, ಆರ್ಡರ್ ಸ್ವಲ್ಪ ಇಳಿಯಲೂಬಹುದು. ಆದರೆ ಲೆಕ್ಕ ಹಾಕುವಾಗ ವಾಪಸ್ ಬಂದ ಮಾಲನ್ನೂ ಕಳೆದು ನೋಡಿ. ಹೋಗಿ ಬರುವ ಸಾಗಣೆ ಖರ್ಚು, ಉಜ್ಜಿ ಮತ್ತೆ ಪಾಲಿಶ್ ಮಾಡುವ ಕೂಲಿ, ಜಜ್ಜಿಹೋದ ತಂಬಿಗೆ, ಇವೆಲ್ಲ ನಿಮ್ಮ ಕೈಯಿಂದಲೇ ಹೋಗುತ್ತಿವೆ ಅಲ್ವಾ? ಪೆಟ್ಟಿಗೆಯೊಳಗೂ ಉಜ್ಜುವ ವಿಧಾನದ ಒಂದು ಚೀಟಿ ಇಡಿ. ಉಡುಗೊರೆಯಾಗಿ ಪಡೆದವರು ನಿಮ್ಮ ವಿವರಣೆಯನ್ನು ಓದಿರುವುದಿಲ್ಲ.